ಜನವರಿ ಒಂದು, ಒಂದೂವರೆ ನಿಮಿಷ

ಶಾಲೆಗೆ ಜನವರಿಯಲ್ಲಿ ಹೊಸ ವರ್ಷ ಬರುವುದಿಲ್ಲ. ಅದು ಬರುವುದು ಮೇ ಕೊನೆಗೋ ಜೂನ್ ಮೊದಲಿಗೋ, ಹಳೇ ಕೊಡೆ ಹೊಸ ಚೀಲಗಳ ಜೊತೆಗೆ. ಭಟ್ಕಳ, ಹೊನ್ನಾವರ, ಕುಮಟಾದ ಕಡಲಬದಿಯ ಮನೆಗಳಲ್ಲಂತೂ ವರ್ಷದ ಲೆಕ್ಕವೇ ಬೇರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಆಗಸ್ಟಿನಲ್ಲಿ ಬೋಟು ನೀರಿಗಿಳಿದಾಗಲೇ ಅವರಿಗೆ ವರ್ಷ ಶುರು. ಕೆಲವರಿಗೆ ಯುಗಾದಿ, ಭಟ್ಕಳದ ನವಾಯತರಿಗೆ ಮೊಹರಂ. ಇಷ್ಟು ವರ್ಷಾರಂಭಗಳಿರುವ ಊರಿನಲ್ಲಿ ಜನವರಿ ಒಂದು ಯಾರ ಪಾಲಿಗೂ ಪೂರ್ತಿ ತಮ್ಮದಲ್ಲ. ನಮ್ಮಲ್ಲಿ ಅದಕ್ಕೆ ಸರ್ಕಾರಿ ರಜೆಯೂ ಇಲ್ಲ. ಹಾಜರಿ ಕರೆಯಬೇಕು, ಬಿಸಿಯೂಟ ಬಡಿಸಬೇಕು.

ಹಾಗಿದ್ದೂ ಆ ದಿನ ಶಾಲೆಯ ವಾಟ್ಸಾಪ್ ಗ್ರೂಪುಗಳಲ್ಲಿ ಹೆಡ್ಮಾಸ್ತರ ವಿಡಿಯೋ ಬರಲೇಬೇಕು ಎಂಬ ಪದ್ಧತಿ ಬಂದುಬಿಟ್ಟಿದೆ. ಹೊನ್ನಾವರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುವ ನನ್ನ ಹತ್ತಿರ ನಮ್ಮ ಹೆಡ್ಮಾಸ್ತರು ಡಿಸೆಂಬರಿನ ಕೊನೆಯ ವಾರ ಎರಡು ಫುಲ್‌ಸ್ಕೇಪ್ ಹಾಳೆ ಹಿಡಿದು ಬಂದರು. "ನೀವು ಕನ್ನಡದವರು, ಒಂಚೂರು ತಿದ್ದಿಕೊಡಿ ಮಾರಾಯ್ರೆ" ಎಂದರು. ಓದಿದೆ. ನವೋಲ್ಲಾಸವಿತ್ತು, ಹೊಸ ಬೆಳಕಿತ್ತು, ಕನಸಿನ ರೆಕ್ಕೆಗಳಿದ್ದವು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ನಂತರ ನಮ್ಮ ಉತ್ತರ ಕನ್ನಡ ಮೂರನೆಯ ಸ್ಥಾನಕ್ಕೆ ಬಂದದ್ದಿತ್ತು. ದಾನಿಗಳ ಹೆಸರುಗಳಿದ್ದವು. ಗಟ್ಟಿಯಾಗಿ ಓದಿದರೆ ಆರು ನಿಮಿಷ.

"ಸರ್, ಹತ್ತನೆಯ ತರಗತಿಯವರಿಗೆ ಪಾಠಕ್ಕೆ ಇನ್ನೆಷ್ಟು ದಿನ ಉಳಿದಿದೆ?" ಎಂದು ಕೇಳಿದೆ. ಅವರು ಗಣಿತದವರು. ಪೆನ್ನು ತೆಗೆದು ಹಾಳೆಯ ಹಿಂಬದಿಗೆ ಬರೆಯತೊಡಗಿದರು. 2025ರದೇ ಲೆಕ್ಕ ಹಿಡಿದರು. ಆ ವರ್ಷ ಪರೀಕ್ಷೆ-1 ಶುರುವಾದದ್ದು ಮಾರ್ಚ್ 21ಕ್ಕೆ. ಜನವರಿ ಒಂದರಿಂದ ಮಾರ್ಚ್ 20ರವರೆಗೆ 79 ದಿನ. ಅದರಲ್ಲಿ 11 ಭಾನುವಾರ ಹೋದರೆ 68. ಸಂಕ್ರಾಂತಿ, ಶಿವರಾತ್ರಿ ಕಳೆದರೆ 66. ಪೂರ್ವಸಿದ್ಧತಾ ಪರೀಕ್ಷೆಗೆ ಒಂದು ವಾರ ಬಿಟ್ಟರೆ ಅರವತ್ತರ ಆಸುಪಾಸು. ಆ ಅರವತ್ತಕ್ಕೆ ಎರಡು ಗೆರೆ ಎಳೆದು ಅವರು ಸುಮ್ಮನೆ ಕೂತರು. ಹೊಸ ಬೆಳಕು, ಕನಸಿನ ರೆಕ್ಕೆ ಎಲ್ಲ ಅಲ್ಲಿಗೇ ಬಿದ್ದವು. ಶಾಲೆಯ ದಿನಕ್ಕೆ ಹೋಲಿಸಿದರೆ ಜನವರಿ ಒಂದು ಮೊದಲ ಗಂಟೆಯಲ್ಲ. ಊಟದ ಗಂಟೆ ಕಳೆದು, ಕೈ ತೊಳೆದು ಮತ್ತೆ ತರಗತಿಗೆ ಬಂದು ಕೂತ ಹೊತ್ತು. ಆಗ ಹೇಳಬೇಕಾದದ್ದು ಉಳಿದ ಪಾಠದ ಮಾತು.

ಎಷ್ಟು ಹೊತ್ತಿನ ವಿಡಿಯೋ ಎಂಬುದನ್ನು ನಿರ್ಧರಿಸಿದ್ದು ಯಾರು ಕೇಳುತ್ತಾರೆ ಎಂಬ ವಿಚಾರ. ಜನವರಿ ಮೀನುಗಾರಿಕೆ ಜೋರಾಗಿರುವ ಕಾಲ. ಎಷ್ಟೋ ಮಕ್ಕಳ ಅಪ್ಪಂದಿರು ಮಲ್ಪೆಯ ಬೋಟಿನಲ್ಲೋ ಗೋವಾದ ಬೋಟಿನಲ್ಲೋ ಇರುತ್ತಾರೆ. ದಡ ಹತ್ತಿರ ಬಂದು ನೆಟ್‌ವರ್ಕ್ ಸಿಕ್ಕಾಗ ಫೋನು ತೆಗೆಯುತ್ತಾರೆ. ಅಮ್ಮಂದಿರು ಮೀನಿನ ಬುಟ್ಟಿಯ ಮುಂದೆಯೋ ಅಡುಗೆಮನೆಯಲ್ಲೋ ಇದ್ದು, ಫೋನನ್ನು ಪಕ್ಕಕ್ಕಿಟ್ಟು ಕೇಳುತ್ತಾರೆ, ನೋಡುವುದಿಲ್ಲ. ಹಾಗಾಗಿ ಪರದೆಯ ಮೇಲೆ ಹಾರುವ ಅಕ್ಷರ, ಪಟಾಕಿ, ಗುಲಾಬಿ ಹೂವು ಯಾವುದೂ ಅವರನ್ನು ತಲುಪುವುದಿಲ್ಲ. ತಲುಪುವುದು ದನಿ ಒಂದೇ. ಹೆಡ್ಮಾಸ್ತರು ತಮ್ಮ ಸಹಜ ವೇಗದಲ್ಲಿ ಮಾತಾಡಿದರೆ ನಿಮಿಷಕ್ಕೆ ತೊಂಬತ್ತು ನೂರು ಪದ. ಒಂದೂವರೆ ನಿಮಿಷಕ್ಕೆ ನೂರೈವತ್ತರ ಒಳಗೇ ಮುಗಿಯಬೇಕು. ಎರಡು ಹಾಳೆ ಅರ್ಧ ಹಾಳೆಯಾಗಬೇಕು.

ಕತ್ತರಿಸುವ ಕೆಲಸ ಸಂಜೆಯವರೆಗೆ ನಡೆಯಿತು. ಜಿಲ್ಲೆಯ ಸ್ಥಾನ ಹೋಯಿತು, ಅದು ಹಿಂದಿನ ಮಕ್ಕಳು ಗಳಿಸಿದ್ದು. ದಾನಿಗಳಿಗೆ ಬೇರೆ ಪತ್ರ ಎಂದು ಒಪ್ಪಿಸಿದೆ. ಕಷ್ಟವಾದದ್ದು ಎರಡು ಕಡೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಜನವರಿಯಲ್ಲೇ ಹೇಳಿದರೆ "ಮತ್ತೆ ಬರೆಯಬಹುದಲ್ಲ" ಎಂದು ಹುಡುಗರು ಸಡಿಲವಾಗುತ್ತಾರೆ. ಹೇಳದಿದ್ದರೆ ಹೆದರುವ ಮಗು ಇನ್ನಷ್ಟು ಹೆದರುತ್ತದೆ. ಹೆದರಿದ ಮಗುವಿನ ಪರವಾಗಿ ಒಂದು ವಾಕ್ಯ ಉಳಿಸಿಕೊಂಡೆವು. ನನಗೆ ಈಗಲೂ ಅದು ಸರಿ ಎನಿಸುತ್ತದೆ. ಸಡಿಲವಾಗುವವನು ಹೇಗೂ ಸಡಿಲವಾಗುತ್ತಾನೆ, ಅವನಿಗೆ ನೆಪ ಹುಡುಕಿಕೊಡುವ ಕಷ್ಟ ನಮಗೆ ಬೇಡ.

ಎರಡನೆಯದು ಆಟದ ವಿಷಯ. ಇಲ್ಲಿ ಆಟ ಎಂದರೆ ಯಕ್ಷಗಾನ. ಕೆರೆಮನೆಯವರ, ಚಿಟ್ಟಾಣಿಯವರ ತಾಲೂಕಿನಲ್ಲಿ ಕೂತು "ಮಕ್ಕಳನ್ನು ಆಟಕ್ಕೆ ಕಳಿಸಬೇಡಿ" ಎಂದು ಹೆಡ್ಮಾಸ್ತರಾದವರು ಹೇಳಿದರೆ ಊರು ನಗುತ್ತದೆ, ಅದರಲ್ಲೂ ಆ ಹೆಡ್ಮಾಸ್ತರೇ ಎದುರಿನ ಸಾಲಿನಲ್ಲಿ ಕೂತು ನೋಡುವವರಾದರೆ. ಆದರೆ ಮೇಳಗಳ ತಿರುಗಾಟ ಜೋರಾಗಿರುವುದೂ ಈ ತಿಂಗಳುಗಳಲ್ಲೇ. ಆಟದ ಮಾರನೆಯ ದಿನ ಹಾಜರಿ ಪುಸ್ತಕದಲ್ಲಿ ಗೈರು ಎದ್ದು ಕಾಣುತ್ತದೆ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ ಎಂಬುದು ಎಷ್ಟೋ ಮನೆಗಳಿಗೆ ಫೆಬ್ರವರಿಯಲ್ಲಿ ತಿಳಿಯುತ್ತದೆ, ಆಗ ಮಾಡಲಿಕ್ಕೆ ಏನೂ ಉಳಿದಿರುವುದಿಲ್ಲ. ಆಟಕ್ಕೆ ಅಡ್ಡಿಯಿಲ್ಲ, ಗೈರಿಗೆ ಅಡ್ಡಿಯಿದೆ ಎಂದಾಯಿತು.

ಚಿತ್ರೀಕರಣಕ್ಕೆ ಹೆಡ್ಮಾಸ್ತರ ಆಸೆ ಕಡಲು ಹಿಂದೆ ಕಾಣಬೇಕೆಂದು. ಹೋದೆವು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು, ಆದರೆ ತಿರುಗಿಸಿ ಕೇಳಿದರೆ ಗಾಳಿ ಬಿಟ್ಟು ಬೇರೇನೂ ಇಲ್ಲ. ಫೋನಿನ ಮೈಕಿನ ಸಣ್ಣ ತೂತಿಗೆ ಗಾಳಿ ನೇರ ಬಡಿದರೆ ಭರ್ ಎನ್ನುತ್ತದೆ. ಆಮೇಲೆ ಯಾವ ಆ್ಯಪ್ ಹಾಕಿದರೂ ಮಾತು ಪೂರ್ತಿ ವಾಪಸು ಬರುವುದಿಲ್ಲ. ಶಾಲೆಯ ಜಗಲಿಯಲ್ಲಿ ಹೆದ್ದಾರಿ ಅರವತ್ತಾರರ ಲಾರಿಗಳು. ಕಡೆಗೆ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ತರಗತಿಯ ಕೋಣೆ. ಕಿಟಕಿಯ ಮುಂದೆ ನಿಂತರೆ ಹಿಂದಿನ ಬೆಳಕಿಗೆ ಮುಖ ಕಪ್ಪಾಯಿತು, ಕಿಟಕಿಯ ಕಡೆಗೇ ಮುಖ ಮಾಡಿ ನಿಂತಾಗ ಸರಿಹೋಯಿತು. ಖಾಲಿ ಕೋಣೆಯ ಗೋಡೆಗಳಿಂದ ದನಿ ಮರಳಿ ಬಡಿದು ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ವಿಜ್ಞಾನದ ಅಕ್ಕೋರು ವಾರ್ಷಿಕೋತ್ಸವದ ಪರದೆಯನ್ನೂ ಎರಡು ಜಮಖಾನೆಯನ್ನೂ ತರಿಸಿ ಫೋನಿನ ಹಿಂದಿನ ಬೆಂಚುಗಳ ಮೇಲೆ ಹರವಿದರು. ದನಿ ಹತ್ತಿರ ಬಂತು.

ಫೋನನ್ನು ಮೇಜಿನ ಮೇಲೆ ಪಠ್ಯಪುಸ್ತಕಗಳ ಅಟ್ಟಿ ಮಾಡಿ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿದೆವು, ಅಡ್ಡವಾಗಿ ಅಲ್ಲ, ಉದ್ದಕ್ಕೆ, ಏಕೆಂದರೆ ನೋಡುವವರು ಫೋನನ್ನು ಹಿಡಿಯುವುದು ಹಾಗೆಯೇ. ವೈರಿರುವ ಇಯರ್‌ಫೋನಿನ ಮೈಕನ್ನು ಅಂಗಿಯ ಎರಡನೆಯ ಗುಂಡಿಗೆ ಪಿನ್ನು ಹಾಕಿ ಸಿಕ್ಕಿಸಿದ್ದಾಯಿತು. ಮೊದಲ ಸಲ ಹೆಡ್ಮಾಸ್ತರು ಪರದೆಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ವಿಡಿಯೋದಲ್ಲಿ ಅದು ಯಾರದೋ ಹೆಗಲು ನೋಡಿ ಮಾತಾಡಿದ ಹಾಗೆ ಬರುತ್ತದೆ. ಪರದೆಗೆ ಕಾಗದ ಮುಚ್ಚಿ, ಲೆನ್ಸಿನ ಪಕ್ಕ ಒಂದು ಕೆಂಪು ಬಿಂದಿ ಅಂಟಿಸಿದ ಮೇಲೆ ನೋಟ ನೆಟ್ಟಗಾಯಿತು. ಬಿಂದಿ ಅಕ್ಕೋರದು. ಮಕ್ಕಳನ್ನು ಹಿಂದೆ ನಿಲ್ಲಿಸುವ ಸಲಹೆ ಬಂದಿತ್ತು, ಬೇಡವೆಂದೆವು. ಇಂಥ ವಿಡಿಯೋ ಎಲ್ಲೆಲ್ಲಿಗೆ ಹೋಗುತ್ತದೆ ಹೇಳಲಾಗದು, ಮನೆಯವರನ್ನು ಕೇಳದೆ ಮಗುವಿನ ಮುಖ ಅದರಲ್ಲಿರಬಾರದು.

ಬಾಯಿಪಾಠ ಒಪ್ಪಿಸಿದಾಗ ದನಿ ಬಿಗಿಯಿತು. ಕಾಗದ ನೋಡಿ ಓದಿದಾಗ ಸುತ್ತೋಲೆಯಾಯಿತು. ಮತ್ತೊಂದು ಸಲ ಅವರು ಕಾಗದ ಜೇಬಿಗಿಟ್ಟು, ಎದುರಿಗೆ ನಿಂತಿದ್ದ ಬಿಸಿಯೂಟದ ಅಕ್ಕನಿಗೆ ಹೇಳುವವರಂತೆ ಹೇಳಿದರು. ಅವಳ ಮಗ ನಮ್ಮಲ್ಲೇ ಹತ್ತನೆಯ ತರಗತಿ. ಅವರು ಅಂದು ಹೇಳಿದ್ದು ಹೀಗೆ:

"ಮಕ್ಕಳೇ, ಅಪ್ಪ ಅಮ್ಮಂದಿರೇ, ನಮಸ್ಕಾರ. ಇವತ್ತು ಜನವರಿ ಒಂದು, ಎರಡು ಸಾವಿರದ ಇಪ್ಪತ್ತಾರು. ಎಲ್ಲರಿಗೂ ಒಳ್ಳೆಯದಾಗಲಿ. ಹತ್ತನೆಯವರಿಗೆ ಪಾಠಕ್ಕೆ ಸುಮಾರು ಅರವತ್ತು ದಿನ ಉಳಿದಿದೆ. ಅದು ಕಡಿಮೆಯಲ್ಲ. ಅರ್ಥವಾಗದ ಪಾಠ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡಿ, ಹೆಸರು ಬರೆಯಬೇಕೆಂದಿಲ್ಲ. ನಾಳೆಯಿಂದ ಸಂಜೆ ನಾಲ್ಕೂವರೆಯಿಂದ ಐದೂವರೆ ನಾನು ಶಾಲೆಯಲ್ಲೇ ಇರುತ್ತೇನೆ. ಅಮ್ಮಂದಿರಲ್ಲಿ ಒಂದೇ ಕೇಳಿಕೆ. ಮಗು ಆಟಕ್ಕೆ ಹೋಗಲಿ, ಮದುವೆಗೆ ಹೋಗಲಿ, ಮಾರನೆಯ ದಿನ ಶಾಲೆ ತಪ್ಪಿಸಬೇಡಿ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸಲಿಕ್ಕೆ ನನ್ನ ಕೈಲಿ ಆಗುವುದಿಲ್ಲ. ಬೋಟಿನಲ್ಲಿರುವವರು, ಗಲ್ಫಿನಲ್ಲಿರುವವರು ಫೋನು ಮಾಡಿದಾಗ ಅಂಕ ಎಷ್ಟು ಅಂತ ಮೊದಲು ಕೇಳಬೇಡಿ, ಇವತ್ತು ಏನು ಓದಿದೆ ಅಂತ ಕೇಳಿ. ಪರೀಕ್ಷೆಗೆ ಹೆದರುವ ಮಕ್ಕಳಿಗೆ ಒಂದು ಮಾತು. ಮೊದಲ ಸಲ ಆಗದಿದ್ದರೆ ಇದೇ ವರ್ಷ ಮತ್ತೆ ಬರೆಯಬಹುದು, ನಾವು ಜೊತೆಗಿರುತ್ತೇವೆ. ನಾಳೆ ಸಿಗೋಣ."

ನಡುವೆ ಎಲ್ಲೋ ಒಂದು ಕಾಗೆ ಕೂಗಿತ್ತು. ಹಾಗೇ ಬಿಟ್ಟೆವು. ಕಳಿಸುವ ಮೊದಲು ಅಕ್ಕೋರು ಅದನ್ನು ಜಗಲಿಯಲ್ಲಿಟ್ಟು, ಫೋನಿನ ಸ್ಪೀಕರಿನಲ್ಲೇ ಹತ್ತು ಹೆಜ್ಜೆ ದೂರ ನಿಂತು ಕೇಳಿಸಿದರು. ಅಷ್ಟು ದೂರಕ್ಕೂ ಮಾತು ಬಿಡಿಬಿಡಿಯಾಗಿ ಕೇಳಿದ್ದರಿಂದ ಸಾಕೆಂದೆವು. ಕಳಿಸಿದ್ದು ಸಂಜೆ ಏಳಕ್ಕೆ, ದುಬೈಯಲ್ಲಿ ಆಗ ಐದೂವರೆ. ಬೆಳಿಗ್ಗೆಯೇ ಹಾಕಿದ್ದರೆ ಹೂಗುಚ್ಛ, ಸೂರ್ಯೋದಯಗಳ ರಾಶಿಯಡಿ ಅದು ಹುಗಿದು ಹೋಗುತ್ತಿತ್ತು.

ಭಟ್ಕಳದ ಉರ್ದು ಶಾಲೆಯಲ್ಲಿರುವ ನನ್ನ ಗೆಳೆಯರೊಬ್ಬರದು ಇನ್ನೊಂದು ಥರದ ಕಷ್ಟ. ತರಗತಿಯಲ್ಲಿ ಉರ್ದು, ಮನೆಯಲ್ಲಿ ನವಾಯತಿ, ಕಚೇರಿಯ ಕಾಗದ ಕನ್ನಡ. ಒಂದೇ ವಿಡಿಯೋದಲ್ಲಿ ಮೂರನ್ನೂ ತುರುಕಿದಾಗ ಯಾವ ಭಾಷೆಯವರಿಗೂ ಪೂರ್ತಿ ಮಾತು ಸಿಗಲಿಲ್ಲ. ಈಗ ಅವರು ಒಂದೊಂದು ಭಾಷೆಗೆ ಒಂದೊಂದು ಚಿಕ್ಕ ವಿಡಿಯೋ ಮಾಡುತ್ತಾರೆ, ಉಡುಪು ಮಾತ್ರ ಬದಲಿಸುವುದಿಲ್ಲ.

ನಮ್ಮ ವಿಡಿಯೋಕ್ಕೆ ಆ ರಾತ್ರಿ ಹೆಬ್ಬೆರಳುಗಳೂ ಕೈಮುಗಿತಗಳೂ ಸಾಲಾಗಿ ಬಂದವು. ಅವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೇಳದೆಯೂ ಒತ್ತಬಹುದು. ಗ್ರೂಪಿನಲ್ಲಿ ಒಬ್ಬರು "ನಮ್ಮ ಹೊಸ ವರ್ಷ ಯುಗಾದಿಗಲ್ಲವೋ ಮಾಸ್ತರೆ" ಎಂದರು. "ಹೌದು, ಅಷ್ಟರೊಳಗೆ ಪರೀಕ್ಷೆ ಬಂದಿರ್ತದೆ" ಎಂದು ಹೆಡ್ಮಾಸ್ತರು ಬರೆದರು. ಮಲ್ಪೆಯಿಂದ ಒಬ್ಬ ತಂದೆಯ ದನಿಸಂದೇಶ ಬಂತು, ಹಿಂದೆ ಎಂಜಿನ್ನಿನ ಸದ್ದು: "ಮಾಸ್ತರೆ, ಆ ಐದೂವರೆ ಅಂದ್ರಲ್ಲ, ನಮ್ಮ ಬದಿಗೆ ಕಡೇ ಬಸ್ಸು ಐದಕ್ಕೇ ಹೋಗ್ತದಲ್ಲ, ಹುಡುಗಿ ಹೆಂಗ್ ಬರೂದು?"

ಹೆಡ್ಮಾಸ್ತರು ಅದನ್ನು ಎರಡು ಸಲ ಕೇಳಿದರು. ಮರುದಿನ ಆ ಬದಿಯಿಂದ ಬರುವ ಮಕ್ಕಳ ಪಟ್ಟಿ ಮಾಡಿಸಿದರು. ಅವರ ತರಗತಿ ಮಧ್ಯಾಹ್ನದ ಊಟದ ಬಿಡುವಿಗೆ ಬಂತು, ಹೆಡ್ಮಾಸ್ತರ ಊಟ ಎರಡೂವರೆಗೆ ಹೋಯಿತು. ಚೀಟಿಗಳಿಗೆ ಸೀಮೆಸುಣ್ಣದ ಖಾಲಿ ಡಬ್ಬಿ ಇಟ್ಟಿದ್ದೆವು. ಮೊದಲ ವಾರ ಬಂದವುಗಳಲ್ಲಿ ಹೆಚ್ಚಿನವು ತ್ರಿಕೋನಮಿತಿಯ ಮೇಲೆ. ಅದನ್ನು ಕಲಿಸುವವರು ಹೆಡ್ಮಾಸ್ತರೇ.