ಸಿಮ್ ಬದಲಿಸಿದರೆ ನಂಬರ್ ಬರೋದಿಲ್ಲ: ಮಾಮಾನ ಐಫೋನಿನಿಂದ ಆಂಡ್ರಾಯ್ಡ್‌ಗೆ

ನಮ್ಮ ನಿಪ್ಪಾಣಿ ಕಡೆ ಐಫೋನ್ ಹೆಚ್ಚಾಗಿ ಅಂಗಡಿಯಿಂದ ಬರೋದಿಲ್ಲ, ಮಗನಿಂದ ಬರುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸ ಮಾಡುವ ಮಗ ಹೊಸದು ತಗೊಂಡಾಗ ಹಳೆಯದು ಅಪ್ಪನ ಕೈಗೆ ಬರುತ್ತದೆ. ಎರಡು ಮೂರು ವರ್ಷ ನಡೆಯುತ್ತದೆ. ಆಮೇಲೆ ಮಧ್ಯಾಹ್ನದೊಳಗೆ ಬ್ಯಾಟರಿ ಇಳಿಯುತ್ತದೆ, ರಿಪೇರಿಗೆ ಕೊಲ್ಲಾಪುರಕ್ಕೆ ಹೋಗಬೇಕು, ಖರ್ಚು ಕೇಳಿದರೆ ಅದಕ್ಕೆ ಇನ್ನಷ್ಟು ಸೇರಿಸಿ ಹೊಸ ಆಂಡ್ರಾಯ್ಡ್ ಫೋನೇ ತಗೊಳ್ಳೋಣ ಅನ್ನಿಸುತ್ತದೆ. ಹಳೆಯದರಲ್ಲಿರುವುದು ಹೊಸದಕ್ಕೆ ಹೇಗೆ ಬರಬೇಕು ಅನ್ನೋ ಪ್ರಶ್ನೆ ಹುಟ್ಟೋದು ಆಗ.

ನಮ್ಮ ಮಾಮಾ ತಂಬಾಕು ವ್ಯಾಪಾರದವರು. ಅವರ ಐಫೋನ್ 11ರಲ್ಲಿ 1,312 ನಂಬರ್ ಇದ್ದವು: ರೈತರದು, ಟೆಂಪೋದವರದು, ಗಡಿ ಆಚೆಯ ವ್ಯಾಪಾರಿಗಳದು. ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ. ವಾಟ್ಸಾಪ್‌ನಲ್ಲಿ ನಾಲ್ಕು ವರ್ಷದ ಲೆಕ್ಕದ ಮಾತು, ಜೊತೆಗೆ ತೀರಿಹೋದ ನಮ್ಮ ಅಜ್ಜ ಕಳಿಸಿದ್ದ ಧ್ವನಿ ಸಂದೇಶಗಳು. ಅಜ್ಜನಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ, ಎಲ್ಲಾ ಮಾತಾಡಿಯೇ ಕಳಿಸುತ್ತಿದ್ದರು. ಆ ಧ್ವನಿ ಬೇರೆಲ್ಲೂ ಇಲ್ಲ.

"ಸಿಮ್ ತೆಗದು ಹೊಸಾದ್ರಾಗ ಹಾಕಿದ್ರ ಎಲ್ಲಾ ಬರ್ತಾವಲ್ಲ?" ಅಂದರು ಮಾಮಾ. ಬರೋದಿಲ್ಲ. ಹಳೆ ಕೀಪ್ಯಾಡ್ ಫೋನುಗಳು ನಂಬರನ್ನು ಸಿಮ್ಮಿನಲ್ಲೇ ಬರೆಯುತ್ತಿದ್ದವು, ಈ ನಂಬಿಕೆ ಅಲ್ಲಿಂದ ಬಂದದ್ದು. ಐಫೋನ್ ಸಿಮ್ಮಿನಲ್ಲಿರುವ ನಂಬರನ್ನು ಓದಿಕೊಳ್ಳುತ್ತದೆ, ಆದರೆ ಸಿಮ್ಮಿಗೆ ಒಂದನ್ನೂ ಬರೆಯೋದಿಲ್ಲ. ಅವು ಇರುವುದು ಫೋನಿನಲ್ಲಿ, ಇಲ್ಲವೇ ಅದಕ್ಕೆ ಸೇರಿಸಿದ ಖಾತೆಗಳಲ್ಲಿ.

ಮಾಮಾ ಹೊಸ ಫೋನ್ ತಂದಾಗ ಅಂಗಡಿಯ ಹುಡುಗ ಅದನ್ನು ಚಾಲೂ ಮಾಡಿ, ಜಿಮೇಲ್ ಹಾಕಿ, ಗ್ಲಾಸ್ ಅಂಟಿಸಿ ಕೊಟ್ಟಿದ್ದ. ಉಪಕಾರವೇ, ಆದರೆ ವಾಟ್ಸಾಪ್ ತರಲು ಅದು ಅಡ್ಡಿ. ಐಫೋನಿನ ವಾಟ್ಸಾಪ್ ಮಾತುಕತೆ ಆಂಡ್ರಾಯ್ಡ್‌ಗೆ ಬರೋದು ಹೊಸ ಫೋನ್ ಮೊದಲ ಸಲ ಚಾಲೂ ಆಗುವಾಗ, ಅದು ಖಾಲಿ ಇರುವಾಗ. ಹಾಗಾಗಿ ಹೊಸ ಫೋನನ್ನು ಮೊದಲು ಪೂರ್ತಿ ರೀಸೆಟ್ ಮಾಡಿದೆವು. ಅದರಲ್ಲಿ ಇನ್ನೂ ಏನೂ ಇರಲಿಲ್ಲ, ನಷ್ಟವಾಗಲಿಲ್ಲ. ನೀವು ಹೊಸ ಫೋನ್ ತರುವುದಿದ್ದರೆ ಅಂಗಡಿಯಲ್ಲಿ ಗ್ಲಾಸ್ ಹಾಕಿಸಿ, ಚಾಲೂ ಮಾಡೋದು ಮನೆಯಲ್ಲಿ ಇಟ್ಟುಕೊಳ್ಳಿ.

ಹೊಸದನ್ನು ಮುಟ್ಟುವ ಮೊದಲು ಹಳೆಯದರ ಕೆಲಸ ಎರಡು ದಿನ ಹಿಡಿಯಿತು.

ಮೊದಲು ನಂಬರುಗಳು. ಕಾಂಟ್ಯಾಕ್ಟ್ಸ್ ಪಟ್ಟಿಯ ಕೊನೆಗೆ ಹೋದರೆ ಒಟ್ಟು ಎಷ್ಟು ಅಂತ ಐಫೋನ್ ತೋರಿಸುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆವು. ಆಮೇಲೆ ಮೇಲಿನ Lists ಒತ್ತಿದಾಗ ನಿಜ ಗೊತ್ತಾಯಿತು. ಆ 1,312ರಲ್ಲಿ 1,140 ಮಾತ್ರ ಮಾಮಾನ ಐಕ್ಲೌಡ್ ಖಾತೆಯವು. ಉಳಿದ 172 ಮಗನ ಜಿಮೇಲಿನವು. ಫೋನ್ ಕೊಡುವಾಗ ಮಗ ತನ್ನ ಜಿಮೇಲ್ ತೆಗೆದಿರಲಿಲ್ಲ, ಮಾಮಾ ಉಳಿಸಿದ ಕೆಲವು ರೈತರ ನಂಬರ್ ಅದರೊಳಗೆ ಹೋಗಿ ಕೂತಿದ್ದವು. ಆ ಖಾತೆ ತೆಗೆದ ಕ್ಷಣ ಅವೂ ಫೋನಿನಿಂದ ಮಾಯವಾಗುತ್ತವೆ. ಅದೇ Lists ಪುಟದಲ್ಲಿ All Contacts ಮೇಲೆ ಬೆರಳು ಒತ್ತಿ ಹಿಡಿದರೆ Export ಬರುತ್ತದೆ. ಎಲ್ಲಾ ಖಾತೆಯ ನಂಬರೂ ಸೇರಿ `.vcf` ಎಂದು ಕೊನೆಗೊಳ್ಳುವ ಒಂದೇ ಕಡತವಾಗುತ್ತದೆ. ಅದನ್ನು ಮಾಮಾನ ಸ್ವಂತ ಜಿಮೇಲಿಗೆ ಮೇಲ್ ಮಾಡಿದೆವು. ಕನ್ನಡ, ಮರಾಠಿ ಅಕ್ಷರ ಇದರಲ್ಲಿ ಕೆಡೋದಿಲ್ಲ. ಬಹಳ ಮಂದಿ ಐಫೋನಿಗೆ ಜಿಮೇಲ್ ಸೇರಿಸಿ, ಇನ್ನು ನಂಬರೆಲ್ಲ ಗೂಗಲಿಗೆ ಹೋದವು ಅಂದುಕೊಳ್ಳುತ್ತಾರೆ. ಹಾಗೆ ಸೇರಿಸಿದರೆ ಹಳೆಯವು ತಾವಾಗಿ ಹೋಗೋದಿಲ್ಲ.

ಎರಡನೆಯದು ಫೋಟೋ. ಐಫೋನಿನಲ್ಲಿ ಫೋಟೋ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಫೋನಿನಲ್ಲಿ ಇದೆ ಅಂತಲ್ಲ. Optimize iPhone Storage ಎಂಬ ಆಯ್ಕೆ ಚಾಲೂ ಇದ್ದರೆ, ಜಾಗ ಕಡಿಮೆಯಾದಾಗ ಅಸಲಿ ಫೋಟೋ ಐಕ್ಲೌಡಿನಲ್ಲಿ ಉಳಿದು ಫೋನಿನಲ್ಲಿ ಸಣ್ಣ ನಕಲು ಮಾತ್ರ ಇರುತ್ತದೆ. ಗೊತ್ತು ಮಾಡಿಕೊಳ್ಳೋದು ಸುಲಭ. ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನೂ ಬಂದ್ ಮಾಡಿ, ಮೂರು ನಾಲ್ಕು ವರ್ಷ ಹಳೆಯ ಫೋಟೋ ತೆರೆದು ದೊಡ್ಡದು ಮಾಡಿ. ಮಸುಕಾಗಿಯೇ ಉಳಿದರೆ, ಅಥವಾ ವಿಡಿಯೋ ಓಡದಿದ್ದರೆ, ಅಸಲಿ ಅಲ್ಲಿಲ್ಲ. ಮಾಮಾನ ಮಗಳ ಲಗ್ನದ ಫೋಟೋ ಹೀಗೇ ಮಸುಕಾಗಿದ್ದವು.

ಸೆಟ್ಟಿಂಗ್ಸಿನಲ್ಲಿ ಮೇಲಿರುವ ಹೆಸರು ಒತ್ತಿ, iCloud, ಅದರೊಳಗೆ Photos ಗೆ ಹೋಗಿ Download and Keep Originals ಆರಿಸಿದೆವು. ಇದಕ್ಕೆ ಫೋನಿನಲ್ಲಿ ಜಾಗ ಬೇಕು. ಮಾಮಾನದು 64 ಜಿಬಿ ಫೋನ್, ಫೋಟೋ ಸುಮಾರು 22 ಜಿಬಿ. ಡೌನ್‌ಲೋಡ್ ಮಾಡಿಟ್ಟ ಸಿನಿಮಾ, ಬೇಡದ ಆ್ಯಪ್ ತೆಗೆದು ಜಾಗ ಮಾಡಿ, ರಾತ್ರಿ ಚಾರ್ಜಿಗೆ ಹಾಕಿ ವೈಫೈಯಲ್ಲಿ ಬಿಟ್ಟೆವು. ಬೆಳಿಗ್ಗೆ ಮತ್ತೆ ಏರೋಪ್ಲೇನ್ ಮೋಡಿನಲ್ಲಿ ನೋಡಿದಾಗ ಲಗ್ನದ ಫೋಟೋದಲ್ಲಿ ಬಾಸಿಂಗದ ಮಣಿ ಸಹ ಎಣಿಸಬಹುದಿತ್ತು. ಒಂದು ಎಚ್ಚರ: ಐಕ್ಲೌಡ್ ಫೋಟೋ ಚಾಲೂ ಇರುವಾಗ ಜಾಗಕ್ಕಾಗಿ ಫೋಟೋ ಅಳಿಸಬೇಡಿ. ಫೋನಿನಲ್ಲಿ ಅಳಿಸಿದರೆ ಐಕ್ಲೌಡಿನಲ್ಲೂ ಅಳಿಯುತ್ತದೆ.

ಮೂರನೆಯದು ಐಮೆಸೇಜ್. ಐಫೋನಿನಿಂದ ಐಫೋನಿಗೆ ಹೋಗುವ ಸಂದೇಶ ಎಸ್ಸೆಮ್ಮೆಸ್ ಆಗಿ ಹೋಗದೆ ಇಂಟರ್ನೆಟ್ ಮೇಲೆ, ಆಪಲ್ ಮೂಲಕ ಹೋಗುತ್ತದೆ. ಸಿಮ್ ಆಂಡ್ರಾಯ್ಡ್‌ಗೆ ಬಂದರೂ ಆ ನಂಬರ್ ಐಫೋನಿನದೇ ಅಂತ ಆಪಲ್ ತಿಳಿದುಕೊಂಡಿದ್ದರೆ, ಪುಣೆಯ ಮಗ ಕಳಿಸಿದ್ದು ಮಾಮಾನಿಗೆ ಬರೋದೇ ಇಲ್ಲ. ಕಳಿಸಿದವನಿಗೂ ಗೊತ್ತಾಗೋದಿಲ್ಲ. ಅದಕ್ಕೆ ಸಿಮ್ ಇನ್ನೂ ಐಫೋನಿನಲ್ಲಿ ಇರುವಾಗಲೇ ಸೆಟ್ಟಿಂಗ್ಸಿನ Messages ಒಳಗೆ iMessage ಬಂದ್ ಮಾಡಬೇಕು, FaceTime ಕೂಡ. ಫೋನನ್ನು ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದರೆ ಆಪಲ್‌ನ ಈ ಪುಟಕ್ಕೆ ಹೋಗಿ ನಿಮ್ಮ ನಂಬರ್ ಹಾಕಿ. ಎಸ್ಸೆಮ್ಮೆಸ್ಸಿನಲ್ಲಿ ಬರುವ 6 ಅಂಕಿಯ ಕೋಡ್ ತುಂಬಿದರೆ ನಂಬರ್ ಬಿಡುಗಡೆಯಾಗುತ್ತದೆ:

```
selfsolve.apple.com/deregister-imessage
```

ಇನ್ನು ಕೇಬಲ್. ಐಫೋನ್ 14ರವರೆಗಿನ ಫೋನಿಗೆ ಒಂದು ತುದಿ ಲೈಟ್ನಿಂಗ್, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್ ಬೇಕು. ಐಫೋನ್ 15ರಿಂದ ಈಚೆಗೆ ಎರಡೂ ತುದಿ ಟೈಪ್-ಸಿ. ಸಂತೆಯಲ್ಲಿ ಸಿಗುವ ಅಗ್ಗದ ಕೇಬಲ್ ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಮಾಹಿತಿ ಒಯ್ಯೋದಿಲ್ಲ. ಸರಿಯಾದ ಕೇಬಲ್ ಹಾಕಿದಾಗ ಐಫೋನ್ ಪರದೆಯ ಮೇಲೆ Trust ಎಂದು ಕೇಳುತ್ತದೆ. ಫೋನಿನ ಲಾಕ್ ತೆಗೆದಿದ್ದರೂ ಆ ಪ್ರಶ್ನೆ ಬರದಿದ್ದರೆ ಮೊದಲು ಕೇಬಲ್ ಬದಲಿಸಿ. ಮಾಮಾನ ಮನೆಯ ಮೊದಲ ಕೇಬಲ್ ಹೀಗೇ ಸುಮ್ಮನಿತ್ತು, ಎರಡನೆಯದಕ್ಕೆ ಪ್ರಶ್ನೆ ಬಂತು.

ರೀಸೆಟ್ ಆದ ಆಂಡ್ರಾಯ್ಡ್ ಚಾಲೂ ಮಾಡಿ, ಹಳೆ ಫೋನಿನಿಂದ ನಕಲು ಮಾಡಬೇಕೇ ಎಂದು ಕೇಳಿದಲ್ಲಿ ಹೌದು ಅಂದೆವು. ಕೇಬಲ್ ಜೋಡಿಸಿ ಐಫೋನಿನಲ್ಲಿ Trust ಒತ್ತಿ, ಪಾಸ್‌ಕೋಡ್ ಹಾಕಿದೆವು. ಏನೇನು ಬೇಕು ಎಂಬ ಪಟ್ಟಿಯಲ್ಲಿ ನಂಬರುಗಳ ಗುರುತು ತೆಗೆದು ಫೋಟೋ, ವಿಡಿಯೋ, ಸಂದೇಶ ಉಳಿಸಿದೆವು. ನಂಬರುಗಳು ಕಡತದಲ್ಲಿದ್ದವಲ್ಲ, ಎರಡೂ ಕಡೆಯಿಂದ ತಂದರೆ ಪ್ರತಿ ಹೆಸರೂ ಎರಡೆರಡು ಸಲ ಬರುತ್ತಿತ್ತು. ವೈಫೈ ಮೇಲೂ ಫೋಟೋ ತರಬಹುದು, ಆದರೆ ಎಸ್ಸೆಮ್ಮೆಸ್ ಮತ್ತು ವಾಟ್ಸಾಪ್ ಬೇಕಾದವರು ಕೇಬಲ್ಲನ್ನೇ ನಂಬಿ. ಸ್ಯಾಮ್ಸಂಗ್ ಫೋನಿನಲ್ಲಿ ಈ ಕೆಲಸವನ್ನು Smart Switch ಮಾಡುತ್ತದೆ.

ಅದರ ನಡುವೆಯೇ ಆಂಡ್ರಾಯ್ಡ್ ಒಂದು ಕ್ಯೂಆರ್ ಕೋಡ್ ತೋರಿಸುತ್ತದೆ. ಐಫೋನಿನ ಕ್ಯಾಮೆರಾದಿಂದ ಅದನ್ನು ಹಿಡಿದಾಗ ವಾಟ್ಸಾಪ್ ತಾನೇ ತೆರೆದು, ಮಾತುಕತೆ ಆಂಡ್ರಾಯ್ಡ್‌ಗೆ ಕಳಿಸಬೇಕೇ ಅಂತ ಕೇಳಿತು. Start ಒತ್ತಿದ ಮೇಲೆ ಐಫೋನ್ ಲಾಕ್ ಆಗದಂತೆ, ವಾಟ್ಸಾಪ್ ಪರದೆ ಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು. ಮಾಮಾನಿಗೆ ಅಷ್ಟರಲ್ಲಿ ಎರಡು ಕಾಲ್ ಬಂದವು. "ಏ, ಎತ್ತಬ್ಯಾಡ್ರಿ ಮಾಮಾ, ತಾಸಿನ ಮ್ಯಾಲ ಮಾತಾಡ್ರಿ" ಅಂದೆವು. ಫೋಟೋ ಎಲ್ಲಾ ಸೇರಿ ಒಂದೂವರೆ ತಾಸಿನ ಮೇಲೆ ಹಿಡಿಯಿತು.

ಆಮೇಲೆ ಸಿಮ್ ಬದಲಿಸಿ, ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಿ, ಅದೇ ನಂಬರಿನಿಂದ ಒಳಗೆ ಹೋದೆವು. ಬೇರೆ ನಂಬರ್ ಹಾಕಿದರೆ ತಂದದ್ದು ಸಿಗೋದಿಲ್ಲ. Import ಒತ್ತಿದೆವು, ನಾಲ್ಕು ವರ್ಷದ ಮಾತು ಬಂದು ಕೂತಿತು. ಅಜ್ಜನ ಹೆಸರು ಹುಡುಕಿ, ಮೊದಲ ಧ್ವನಿ ಸಂದೇಶ ಒತ್ತಿದೆವು. ಯಾವ ಗಾಡಿಗೆ ಎಷ್ಟು ಚೀಲ ಹಾಕಬೇಕು ಅಂತ ಬೈಯುತ್ತಾ ಹೇಳಿದ್ದು. ಮಾಮಾ ಪೂರ್ತಿ ಕೇಳಿ ಮತ್ತೆ ಒಂದು ಸಲ ಒತ್ತಿದರು. ವಾಟ್ಸಾಪ್ ಕಾಲ್‌ಗಳ ಪಟ್ಟಿ ಮಾತ್ರ ಬರಲಿಲ್ಲ. ಅದು ಈ ದಾರಿಯಲ್ಲಿ ಬರೋದೇ ಇಲ್ಲ.

ಕೊನೆಗೆ ಮೇಲ್ ತೆರೆದು `.vcf` ಕಡತ ಒತ್ತಿ, ಮಾಮಾನ ಜಿಮೇಲ್ ಖಾತೆಗೆ ನಂಬರ್ ಇಳಿಸಿದೆವು. ಚೀಟಿಯ ಜೊತೆ ತಾಳೆ ನೋಡಿದರೆ 1,312. ಫೋಟೋ ಎಣಿಕೆಯೂ ಕೂಡಿತು. ಐಫೋನಿನಲ್ಲಿ ಒತ್ತಿ ಹಿಡಿದರೆ ಅಲುಗಾಡುತ್ತಿದ್ದ ಕೆಲವು ಫೋಟೋ ಇಲ್ಲಿ ಬರೀ ನಿಂತ ಚಿತ್ರವಾಗಿದ್ದವು.

ಹಳೆ ಫೋನನ್ನು ಮಾಮಾ ಒಂದು ತಿಂಗಳು ಹಾಗೇ ಕಪಾಟಿನಲ್ಲಿಟ್ಟರು, ಅದರ ವಾಟ್ಸಾಪ್ ಅಳಿಸಲಿಲ್ಲ. ತಿಂಗಳಿಗೆ 75 ರೂಪಾಯಿಯ 50 ಜಿಬಿ ಐಕ್ಲೌಡನ್ನೂ ಅಲ್ಲಿಯವರೆಗೆ ನಿಲ್ಲಿಸಲಿಲ್ಲ. ಏನೋ ಒಂದು ಬಂದಿಲ್ಲ ಅಂತ ಗೊತ್ತಾಗೋದು ಮೊದಲ ದಿನವಲ್ಲ, ಅದು ಬೇಕಾದ ದಿನ.

ಐಫೋನ್ ಆಗಲೇ ಸತ್ತುಹೋಗಿದ್ದರೆ? ಐಕ್ಲೌಡಿಗೆ ಹೋಗಿದ್ದ ನಂಬರ್ ಮತ್ತು ಫೋಟೋಗಳನ್ನು ಕಂಪ್ಯೂಟರಿನಲ್ಲಿ `icloud.com` ತೆರೆದು ಇಳಿಸಿಕೊಳ್ಳಬಹುದು. ವಾಟ್ಸಾಪ್ ಕಷ್ಟ. ಐಫೋನಿನ ವಾಟ್ಸಾಪ್ ಬ್ಯಾಕಪ್ ಇರುವುದು ಐಕ್ಲೌಡಿನಲ್ಲಿ, ಆಂಡ್ರಾಯ್ಡ್‌ನದು ಗೂಗಲಿನಲ್ಲಿ. ಒಂದು ಇನ್ನೊಂದನ್ನು ಓದೋದಿಲ್ಲ. ಆಗ ಖಾಲಿ ಮಾಡಿದ ಒಂದು ಐಫೋನ್ ಒಂದು ದಿನಕ್ಕೆ ಕೇಳಿ ತಂದು, ನಿಮ್ಮ ಆಪಲ್ ಖಾತೆ ಮತ್ತು ಅದೇ ನಂಬರಿನಿಂದ ಬ್ಯಾಕಪ್ಪನ್ನು ಅದಕ್ಕೆ ಇಳಿಸಿ, ಅಲ್ಲಿಂದ ಕೇಬಲ್ ಮೂಲಕ ಹೊಸ ಆಂಡ್ರಾಯ್ಡ್‌ಗೆ ತರಬೇಕು. ಅದಕ್ಕೂ ಬ್ಯಾಕಪ್ ಇರಬೇಕು. ನಿಮ್ಮ ಮನೆಯಲ್ಲಿ ಹಳೆ ಐಫೋನ್ ಇದ್ದರೆ ವಾಟ್ಸಾಪ್ ಸೆಟ್ಟಿಂಗ್ಸಿನ Chats ಒಳಗೆ Chat Backup ನೋಡಿ. ಕೊನೆಯ ಬ್ಯಾಕಪ್ ಯಾವ ತಾರೀಖಿನದು ಅಂತ ಅಲ್ಲೇ ಬರೆದಿರುತ್ತದೆ.