ಮತ್ತೆ ಬಂದ ಹುಡುಗ

ಬಾಗಿಲಿಗೆ ಬರುವ ಮಾರಾಟದವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಿಂದೊಮ್ಮೆ ನೀರು ಶುದ್ಧಿ ಮಾಡುವ ಯಂತ್ರ ಮಾರಲು ಬಂದವನೊಬ್ಬ ನಮ್ಮ ಲೋಟದ ನೀರಿಗೆ ಕಬ್ಬಿಣದ ಕಡ್ಡಿಗಳನ್ನಿಳಿಸಿ ಕರೆಂಟು ಹಾಯಿಸಿದ. ನೀರು ಕಂದುಬಣ್ಣಕ್ಕೆ ತಿರುಗಿತು. "ನೀವು ಕುಡಿಯುತ್ತಿರುವ ವಿಷ ಇದೇ" ಎಂದ. ಆ ಬಣ್ಣ ಬಂದದ್ದು ಕಡ್ಡಿಯ ಕಬ್ಬಿಣದಿಂದ ಎಂಬುದು ವಿಜ್ಞಾನ ಪಾಠ ಹೇಳುವ ನನಗೆ ಗೊತ್ತಿರದೇ? ಬೇಡವೆಂದ ಮೇಲೂ ಹದಿನೈದು ದಿನ "ಇವತ್ತೇ ಕೊನೆಯ ದಿನ" ಎಂದು ಫೋನು ಮಾಡಿ ಜೀವ ತಿಂದ.

ಹಾಗಾಗಿ ಎರಡನೆಯ ಹುಡುಗ ಬಂದಾಗ ಅರ್ಧ ಬಾಗಿಲನ್ನಷ್ಟೇ ತೆರೆದೆ. ಅವನು ಪೆನ್ನಿನಂಥ ಮೀಟರನ್ನು ನೀರಿಗಿಳಿಸಿದ. ನಗರಸಭೆಯ ನಲ್ಲಿ ನೀರಿಗೆ 180, ಬೋರ್‌ವೆಲ್ ನೀರಿಗೆ 900 ತೋರಿಸಿತು. "500ರೊಳಗಿದ್ದರೆ ಒಳ್ಳೆಯದು ಮೇಡಂ. ಆದರೆ ಇದು ಕರಗಿದ ಲವಣದ ಲೆಕ್ಕ ಮಾತ್ರ, ಕ್ರಿಮಿಯ ವಿಷಯ ಹೇಳುವುದಿಲ್ಲ" ಎಂದ. ಯಂತ್ರ ನಡೆಸಿಯೂ ತೋರಿಸಿದ.

"ಯೋಚಿಸಿ ಹೇಳುತ್ತೇವಪ್ಪಾ" ಎಂದರು ನಮ್ಮ ಯಜಮಾನರು. ಅದು 'ಬೇಡ' ಎನ್ನುವುದರ ಮರ್ಯಾದೆಯ ರೂಪ. ಹುಡುಗ ಬೇಸರಿಸದೆ, "ಯೋಚನೆ ಬೆಲೆಯದೋ, ಬೇರೇನಾದರೂ ಇದೆಯೋ?" ಎಂದು ಕೇಳಿದ. "ನೀರು ಪೋಲಾಗುತ್ತದಂತಲ್ಲ" ಎಂದೆ. ಬರೆದುಕೊಂಡ. "ಶನಿವಾರ ಸ್ಕೂಲು ಮುಗಿದ ಮೇಲೆ ಬರಲೇ?" ಎಂದು ಕೇಳಿಯೇ ಹೋದ.

ಶನಿವಾರ ಬಂದವನು ಕೊಳ್ಳುವ ಮಾತೆತ್ತಲಿಲ್ಲ. ಪರಿಚಯದ ಮನೆಯೊಂದರಲ್ಲಿ ಅಳೆದು ತಂದಿದ್ದ: ಒಂದು ಕೊಡ ಕುಡಿಯುವ ನೀರಿಗೆ ಸುಮಾರು ಮೂರು ಕೊಡ ಹೊರಗೆ. "ನೆಲ ಒರೆಸಲು, ಬಚ್ಚಲಿಗೆ ಆಗುತ್ತದೆ. ಉಪ್ಪು ಹೆಚ್ಚಿರುವುದರಿಂದ ಹೂಗಿಡಕ್ಕೆ ಹಾಕಬೇಡಿ." ಹತ್ತು ದಿನ ಬಿಟ್ಟು ಫೋನು ಮಾಡಿದಾಗಲೂ ಹೊಸ ಸಂಗತಿಯಿತ್ತು: ಫಿಲ್ಟರು ಬದಲಿಸುವ ವರ್ಷದ ಖರ್ಚು. ನಾವು ಕೇಳಲು ಮರೆತದ್ದು ಅದು.

ಕೊನೆಯ ಸಲ ಹೇಳಿದ: "ಇನ್ನು ನಾನಾಗಿ ಬರುವುದಿಲ್ಲ ಮೇಡಂ. ನಲ್ಲಿ ನೀರು ಸರಿಯಾಗಿ ಬರುವವರೆಗೆ ನಿಮಗೆ ಈ ಯಂತ್ರ ಬೇಡ, ಕಾಯಿಸಿ ಕುಡಿದರೆ ಸಾಕು. ಬೋರ್‌ವೆಲ್ಲೇ ಗತಿಯಾದರೆ ಕರೆಯಿರಿ." ಬೇಸಿಗೆಯಲ್ಲಿ ನಲ್ಲಿ ವಾರಕ್ಕೊಮ್ಮೆ ಬರತೊಡಗಿತು. ಅವನ ಚೀಟಿ ಹುಡುಕಿ ನಾನೇ ಕರೆದೆ.

ಅದೇ ಹೊತ್ತಿಗೆ ನನ್ನ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟಿದ್ದಳು. ಮೂರು ಸಲ ಅವರ ಮನೆಗೆ ಹೋಗಿ "ಮಗಳನ್ನು ಕಳಿಸಿ" ಎಂದು ಒಂದೇ ಮಾತು ಹೇಳಿ ಬಂದಿದ್ದೆ. ಕಡ್ಡಿಯವನಿಗೂ ನನಗೂ ಏನು ವ್ಯತ್ಯಾಸ? ನಾಲ್ಕನೆಯ ಸಲ, "ಏನು ತೊಂದರೆ ತಾಯೀ?" ಎಂದು ಕೇಳಿದೆ. ಚಿಕ್ಕ ತಮ್ಮನನ್ನು ನೋಡಿಕೊಳ್ಳುವವರಿರಲಿಲ್ಲ. ಐದನೆಯ ಸಲ ಹೋಗುವಾಗ ಅಂಗನವಾಡಿಯಲ್ಲಿ ಮಾತಾಡಿಕೊಂಡೇ ಹೋದೆ. ಸೋಮವಾರ ಹುಡುಗಿ ಎರಡನೆಯ ಬೆಂಚಿನಲ್ಲಿ ಕುಳಿತಿದ್ದಳು.