ಸ್ಕ್ಯಾನರ್ ಕೆಟ್ಟರೆ ಪತ್ರದಲ್ಲಿ ಏನಿರಬೇಕು?

ಹುಣಸೂರಿನ ಕಿರಾಣಿ ಅಂಗಡಿಯವರೊಬ್ಬರು ತರಿಸಿದ ಐದು ಬಾರ್‌ಕೋಡ್ ಸ್ಕ್ಯಾನರ್‌ಗಳಲ್ಲಿ ಮೂರು ಕೈಕೊಟ್ಟವು ಎನ್ನಿ. ಬದಲಿಸಿಕೊಡಿ ಎಂದು ಕೇಳುವ ಪತ್ರದಲ್ಲಿ ‘ಸರಿಯಾಗಿ ಓದುತ್ತಿಲ್ಲ’ ಎಂದಷ್ಟೇ ಬರೆದರೆ ಸಾಲದು.

ಚೆನ್ನಾಗಿರುವುದನ್ನೂ ಕೆಟ್ಟದ್ದನ್ನೂ ಒಂದೇ ರೀತಿ ಪರೀಕ್ಷಿಸಬೇಕು: ಅದೇ ಬಿಸ್ಕತ್ತು ಪೊಟ್ಟಣ, ಅದೇ ಕಂಪ್ಯೂಟರ್, ಅದೇ ಕೇಬಲ್. ಚೆನ್ನಾಗಿರುವ ಸ್ಕ್ಯಾನರ್ ಹಿಡಿದರೆ 890ರಿಂದ ಶುರುವಾಗುವ 13 ಅಂಕಿಗಳು ನೋಟ್‌ಪ್ಯಾಡಿನಲ್ಲಿ ತಟ್ಟನೆ ಮೂಡುತ್ತವೆ. ಕೆಟ್ಟದ್ದು ಬೆಳಕು ಚೆಲ್ಲಿ ಸುಮ್ಮನಾಗುತ್ತದೆ. ಬಿಲ್ ನಂಬರ್, ಮೂರರ ಸೀರಿಯಲ್ ನಂಬರ್‌ಗಳ ಜೊತೆ ಈ ಪರೀಕ್ಷೆಯನ್ನೂ ಬರೆಯಬೇಕು. ಗೆರೆಗಳನ್ನಷ್ಟೇ ಓದುವ ಮಾದರಿ ಕ್ಯೂಆರ್ ಓದದಿದ್ದರೆ ಅದು ದೋಷವಲ್ಲ. ಅದನ್ನು ಸೇರಿಸಿದರೆ ದೂರೇ ಸಡಿಲವಾಗುತ್ತದೆ.

ತಡ ಮಾಡುವಂತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಮಿನಂತೆ, ಬೇಡವೆಂದು ತಿಳಿಸದೆ ಸಮಂಜಸ ಅವಧಿ ಮೀರಿ ಇಟ್ಟುಕೊಂಡ ಮಾಲನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಫೋನಿನಲ್ಲಿ ಹೇಳಿದ್ದನ್ನು ರುಜುವಾತು ಮಾಡುವುದು ಕಷ್ಟ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಬೇಕು.